ಗೆಸ್ಟ್ ರೂಮ್ ಬಚ್ಚಲಿನ ಟ್ರ್ಯಾಪ್ ಒಣಗುತ್ತಿದೆ, ಅಮೆರಿಕದಿಂದ ತಂದ ಪ್ರೈಮರ್‌ನಿಂದ ಒಂದು ಹನಿಯೂ ಬರುತ್ತಿಲ್ಲ

ಶೈಲಾ_ಬೋಗಾದಿ · ಭಾನುವಾರ, ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮದು ಮೈಸೂರಿನ ಬೋಗಾದಿಯಲ್ಲಿ ಎರಡು ಅಂತಸ್ತಿನ ಮನೆ. ಕೆಳಗೆ ಅಪ್ಪ ಅಮ್ಮ, ಮೇಲೆ ನಾವು. ಮೇಲಿನ ಗೆಸ್ಟ್ ರೂಮಿಗೆ ಒಂದು ಬಚ್ಚಲಿದೆ. ದಸರಾಗೆ ಬರುವ ನೆಂಟರು, ಬೇಸಿಗೆ ರಜೆಗೆ ಬರುವ ನಾದಿನಿ ಮಕ್ಕಳು, ಇವರನ್ನು ಬಿಟ್ಟರೆ ಅದನ್ನು ಯಾರೂ ಬಳಸುವುದಿಲ್ಲ. ಮೂರು ವಾರ ಮುಚ್ಚಿಟ್ಟು ಬಾಗಿಲು ತೆಗೆದರೆ ಮೋರಿ ವಾಸನೆ ಮುಖಕ್ಕೆ ಹೊಡೆಯುತ್ತದೆ. ಅರ್ಧ ಬಕೆಟ್ ನೀರು ಸುರಿದು ಕಿಟಕಿ ತೆಗೆದರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ಅಂದರೆ ನೆಲದ ನಾನಿ ಟ್ರ್ಯಾಪಿನಲ್ಲಿ ನಿಂತು ಮೋರಿ ಗಾಳಿಯನ್ನು ತಡೆಯುವ ನೀರು ಒಣಗುತ್ತಿದೆ, ಅಷ್ಟು ನನಗೂ ಗೊತ್ತಾಗಿದೆ.

ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಅಲ್ಲಿ ಇದಕ್ಕೆ ಟ್ರ್ಯಾಪ್ ಪ್ರೈಮರ್ ಅಂತ ಇದೆ, ತಾನಾಗಿಯೇ ಆಗಾಗ ಸ್ವಲ್ಪ ನೀರು ಬಿಡುತ್ತದೆ ಎಂದು ಹೇಳಿ ಹೋದ ಸಲ ಬರುವಾಗ ಒಂದು ತಂದುಕೊಟ್ಟ. ಅಂಗೈಯಷ್ಟು ಉದ್ದದ ಹಿತ್ತಾಳೆಯ ವಸ್ತು, ಒಳ್ಳೆ ತೂಕ ಇದೆ. ಪ್ಲಂಬರ್ ಕರೆಸಿ ಗೆಸ್ಟ್ ಬಚ್ಚಲಿನ ತಣ್ಣೀರು ಪೈಪಿಗೆ ಕೂರಿಸಿ, ಅಲ್ಲಿಂದ ಸಣ್ಣ ಪೈಪ್ ಇಳಿಸಿ ಜಾಲಿ ಕೆಳಗೆ ಬಿಟ್ಟಿದ್ದೇವೆ. ಒಂದೂವರೆ ತಿಂಗಳಾಯಿತು. ಒಂದು ಹನಿ ನೀರು ಬಂದಿಲ್ಲ. ವಾಸನೆ ಹಾಗೇ ಇದೆ. ಪೀಸೇ ಕೆಟ್ಟಿದೆಯಾ? ಅಥವಾ ಕೂರಿಸಿದ್ದು ತಪ್ಪಾ?

ಸುಮ್ನೆ_ಓದ್ತೀನಿ · ಭಾನುವಾರ

ಪ್ರೈಮರ್ ಒಣಗಿದ ಮೇಲೆ ಸಾಲ್ವೆಂಟ್ ಸಿಮೆಂಟ್ ಹಚ್ಚಿದರಾ ಮೇಡಂ? ಪೈಪ್ ಜಾಯಿಂಟಿಗೆ ಮೊದಲು ಪ್ರೈಮರ್ ಬಳಿದು ಆಮೇಲೆ ಅಂಟು ಹಾಕಬೇಕು. ನಮ್ಮ ಮನೆಯಲ್ಲಿ ಹಾಗೆ ಮಾಡದೆ ಜಾಯಿಂಟ್ ಬಿಟ್ಟುಕೊಂಡು ವಾಸನೆ ಬರುತ್ತಿತ್ತು.

ಶೈಲಾ_ಬೋಗಾದಿ · ಭಾನುವಾರ

ಅದು ಬೇರೆ ಪ್ರೈಮರ್ ಅಣ್ಣ, ಹಚ್ಚುವುದು. ಇದು ಟ್ರ್ಯಾಪಿಗೆ ನೀರು ಬಿಡುವ ವಾಲ್ವ್.

ಸುಮ್ನೆ_ಓದ್ತೀನಿ · ಭಾನುವಾರ

ಓ. ನೀರು ಬಿಡುವುದಕ್ಕೂ ವಾಲ್ವಾ. ವಾರಕ್ಕೊಂದು ಚೊಂಬು ನೀರು ಹಾಕಿದರೆ ಮುಗಿಯಿತಲ್ವಾ?

ಪೈಪ್‌ರಾಯ · ಭಾನುವಾರ, ಸಂಜೆ

ಚೊಂಬು ನೀರು ತಪ್ಪಲ್ಲ. ಆದರೆ ಮರೆತುಹೋಗುತ್ತದೆ, ಅದಕ್ಕೇ ಇವರು ಕೇಳುತ್ತಿರುವುದು.

ಶೈಲಾ ಮೇಡಂ, ನಾನು ದುಬೈ, ದೋಹಾ ಎಲ್ಲ ಸೇರಿ ಹದಿನೆಂಟು ವರ್ಷ ಕಟ್ಟಡಗಳ ಪ್ಲಂಬಿಂಗ್ ಮಾಡಿಸಿ ಈಗ ಸರಸ್ವತಿಪುರಂನಲ್ಲಿ ಸುಮ್ಮನೆ ಕೂತಿದ್ದೇನೆ. ನಿಮ್ಮ ಪೀಸ್ ಕೆಟ್ಟಿಲ್ಲ ಅನ್ನಿಸುತ್ತದೆ. ಎರಡು ಪ್ರಶ್ನೆಗಳಿಗೆ ಉತ್ತರ ಕೊಡಿ. ಒಂದು, ಅದರ ಮೈಮೇಲೆ 1018 ಎನ್ನುವ ಅಂಕಿ ಕೆತ್ತಿದೆಯಾ? ಎರಡು, ಮನೆಗೆ ನೀರು ಟೆರೇಸಿನ ಟ್ಯಾಂಕಿನಿಂದ ತಾನಾಗಿ ಇಳಿಯುತ್ತದೆಯೋ, ಪ್ರೆಶರ್ ಪಂಪ್ ಇದೆಯೋ? ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅಂತಲೂ ಹೇಳಿ.

ಶೈಲಾ_ಬೋಗಾದಿ · ಭಾನುವಾರ, ರಾತ್ರಿ

ಸಾರ್, ಟಾರ್ಚ್ ಹಾಕಿ ನೋಡಿದೆ, 1018 ಇದೆ. ಪಂಪ್ ಇಲ್ಲ, ಟ್ಯಾಂಕಿನಿಂದಲೇ. ಟೆರೇಸಿನಲ್ಲಿ ಒಂದಾಳೆತ್ತರಕ್ಕಿಂತ ಸ್ವಲ್ಪ ಕಡಿಮೆ ಕಟ್ಟೆ ಕಟ್ಟಿ ಅದರ ಮೇಲೆ ಇಟ್ಟಿದ್ದೇವೆ. ಪ್ರೈಮರ್ ಇರುವುದು ನೆಲದಿಂದ ಎರಡಡಿ ಮೇಲೆ.

ಪೈಪ್‌ರಾಯ · ಭಾನುವಾರ, ರಾತ್ರಿ

ಹಾಗಾದರೆ ಕಾರಣ ಸಿಕ್ಕಿತು. 1018 ಅಂದರೆ ನೀರಿನ ಲೈನಿಗೆ ಕೂರಿಸುವ ಟ್ರ್ಯಾಪ್ ಪ್ರೈಮರ್‌ಗಳ ಅಮೆರಿಕದ ಮಾನದಂಡದ ಸಂಖ್ಯೆ. ನಿಮ್ಮದು ಒತ್ತಡ ಇಳಿದಾಗ ಕೆಲಸ ಮಾಡುವ ಜಾತಿ. ಒಳಗೆ ಒಂದು ಸಣ್ಣ ಪಿಸ್ಟನ್ ಇರುತ್ತದೆ. ಪಕ್ಕದಲ್ಲಿ ಯಾರೋ ಫ್ಲಶ್ ಮಾಡಿದಾಗ ಅಥವಾ ನಲ್ಲಿ ತಿರುಗಿಸಿದಾಗ ಲೈನಿನ ಒತ್ತಡ ಥಟ್ಟನೆ ಕೆಳಗಿಳಿಯುತ್ತದೆ, ಪಿಸ್ಟನ್ ಅಲ್ಲಾಡುತ್ತದೆ, ಒಂದು ಕ್ಷಣ ತೆರೆದು ಒಂದಿಷ್ಟು ನೀರು ಉಗುಳಿ ಮತ್ತೆ ಮುಚ್ಚಿಕೊಳ್ಳುತ್ತದೆ. ಕರೆಂಟ್ ಬೇಡ, ಏನೂ ಬೇಡ. ಅಲ್ಲಿಯವರಿಗೆ ಒಳ್ಳೆಯ ವ್ಯವಸ್ಥೆ, ಯಾಕೆಂದರೆ ಅವರಿಗೆ ನೀರು ಬರುವುದು ಬೀದಿಯ ಪೈಪಿನಿಂದ ನೇರವಾಗಿ, 50-60 ಪಿ.ಎಸ್.ಐ. ಒತ್ತಡದಲ್ಲಿ. ಈ ಪಿಸ್ಟನ್ ಅಲ್ಲಾಡಲು ಸಾಮಾನ್ಯವಾಗಿ 5ರಿಂದ 10 ಪಿ.ಎಸ್.ಐ. ಇಳಿಯಬೇಕು.

ಈಗ ನಿಮ್ಮ ಮನೆ ಲೆಕ್ಕ. ಮಹಡಿಯ ಎತ್ತರ ಮೂರು ಮೀಟರ್, ಕಟ್ಟೆ ಒಂದೂವರೆ, ಪ್ರೈಮರ್ ಇರುವ ಎರಡಡಿ ಕಳೆಯಿರಿ. ಹೆಚ್ಚುಕಡಿಮೆ ನಾಲ್ಕು ಮೀಟರ್ ನೀರಿನ ಎತ್ತರ. ಹತ್ತು ಮೀಟರ್ ನೀರು ಅಂದರೆ ಒಂದು ಬಾರ್, ಅಂದರೆ ಸುಮಾರು 14 ಪಿ.ಎಸ್.ಐ. ನಿಮ್ಮದು ನಾಲ್ಕು ಮೀಟರ್, 6 ಪಿ.ಎಸ್.ಐ. ಕೂಡ ಮುಟ್ಟುವುದಿಲ್ಲ. ನಿಮ್ಮ ಪೈಪಿನಲ್ಲಿರುವ ಒತ್ತಡವೇ 6ಕ್ಕಿಂತ ಕಡಿಮೆ, ಅದರಲ್ಲಿ 5 ಇಳಿಯುವುದು ಎಲ್ಲಿಂದ? ನಲ್ಲಿ ಬಿಟ್ಟಾಗ ಒಂದೋ ಎರಡೋ ಇಳಿಯಬಹುದು. ಪಿಸ್ಟನ್‌ಗೆ ಅದು ತಟ್ಟುವುದೇ ಇಲ್ಲ. ಅದೂ ಅಲ್ಲದೆ ಗೆಸ್ಟ್ ಬಚ್ಚಲಿನ ಪೈಪ್ ಕವಲಿನ ತುದಿಯಲ್ಲಿದ್ದರೆ ಅಲ್ಲಿ ನೀರಿನ ಓಡಾಟವೇ ಇಲ್ಲ.

ಲೆಕ್ಕದ_ಮೇಷ್ಟ್ರು · ಸೋಮವಾರ

ಪೈಪ್‌ರಾಯರ ಲೆಕ್ಕ ಸರಿ ಇದೆ. ಅಷ್ಟಾದರೂ ದಿನಕ್ಕೆ ಎಷ್ಟು ನೀರು ಬೇಕು ಎನ್ನುವುದು ಮೊದಲು ತಿಳಿಯಬೇಕಲ್ಲವೇ? ಟ್ರ್ಯಾಪಿನ ಬಾಯಿ ನಾಲ್ಕು ಇಂಚು, ಅಂದರೆ ಹತ್ತು ಸೆಂಟಿಮೀಟರ್ ಅಗಲ ಎಂದುಕೊಳ್ಳಿ. ಮೇಲ್ಮೈ 78 ಚದರ ಸೆಂಟಿಮೀಟರ್ ಚಿಲ್ಲರೆ. ದಿನಕ್ಕೆ ಒಂದು ಮಿಲಿಮೀಟರ್ ಇಳಿದರೆ 8 ಮಿಲಿಲೀಟರ್. ಒಂದೂವರೆ ಚಮಚ! ಇಷ್ಟಕ್ಕೆ ಹಿತ್ತಾಳೆ ವಾಲ್ವ್ ಯಾಕೆ? ಡ್ರಿಪ್ ಇಟ್ಟರೆ ಸಾಕು.

ಪೈಪ್‌ರಾಯ · ಸೋಮವಾರ

ಮೇಷ್ಟ್ರೇ, ಅರ್ಧ ಸರಿ. ನೀರು ಆರುವುದು ಹೆಚ್ಚಾಗಿ ಬಚ್ಚಲಿನ ಕಡೆಯ ಬಾಯಿಂದಲೇ, ಸರಿ. ಪೈಪಿನ ಕಡೆ ಗಾಳಿ ಸದಾ ಒದ್ದೆ, ಅಲ್ಲಿ ಆರುವುದು ಕಡಿಮೆ. ಆದರೆ ಟ್ರ್ಯಾಪ್ ಎಂದರೆ ಯು ಆಕಾರದ ಪೈಪ್, ಎರಡು ಕಡೆಯ ನೀರೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಈ ಕಡೆ ಒಂದು ಮಿಲಿಮೀಟರ್ ಇಳಿದಿರುವುದು ಕಂಡರೆ ಆ ಕಡೆಯೂ ಒಂದು ಇಳಿದಿದೆ. ಹೊರಹೋಗುವ ಪೈಪ್ ಮೂರು ಇಂಚು, ಅದರದು 44 ಚದರ ಸೆಂಟಿಮೀಟರ್. ಕೂಡಿಸಿದರೆ 122. ದಿನಕ್ಕೆ 12 ಮಿಲಿಲೀಟರ್, ತಿಂಗಳಿಗೆ ಒಂದೂವರೆ ಎರಡು ಲೋಟ.

ಇನ್ನೊಂದು ವಿಷಯ. ಒಳ್ಳೆಯ ಟ್ರ್ಯಾಪಿನಲ್ಲಿ ನೀರಿನ ಆಳ 50 ಮಿಲಿಮೀಟರ್ ಇರುತ್ತದೆ. ದಿನಕ್ಕೆ ಒಂದು ಮಿಲಿಮೀಟರ್ ಆದರೆ ಐವತ್ತು ದಿನ ಬರಬೇಕು. ಇವರಿಗೆ ಮೂರೇ ವಾರದಲ್ಲಿ ವಾಸನೆ ಬರುತ್ತಿದೆ. ಹಾಗಾಗಿ ಇವರ ಟ್ರ್ಯಾಪ್ ಎಂಥದ್ದು ಅಂತ ನೋಡಬೇಕು.

ಶೈಲಾ ಮೇಡಂ, ಜಾಲಿ ಎತ್ತಿ ನೋಡಿ. ಒಳಗೆ ಕವುಚಿ ಹಾಕಿದ ಬಟ್ಟಲಿನ ಹಾಗೆ ಏನಾದರೂ ಇದೆಯಾ?

ಶೈಲಾ_ಬೋಗಾದಿ · ಸೋಮವಾರ, ಸಂಜೆ

ಇದೆ ಸಾರ್! ಜಾಲಿಗೇ ಅಂಟಿಕೊಂಡು ಒಂದು ಸ್ಟೀಲ್ ಬಟ್ಟಲು ಕೆಳಮುಖವಾಗಿದೆ. ಅದನ್ನು ಎತ್ತಿದರೆ ನೇರವಾಗಿ ಪೈಪಿನ ತೂತು ಕಾಣುತ್ತದೆ, ಸುತ್ತ ಉಂಗುರದ ಹಾಗೆ ನೀರು ನಿಲ್ಲುವ ಜಾಗ. ಬಟ್ಟಲಿನ ಅಂಚು ನೀರಿನಲ್ಲಿ ಎಷ್ಟು ಮುಳುಗುತ್ತದೆ ಅಂತ ಮಗನ ಸ್ಟೀಲ್ ಸ್ಕೇಲ್ ಇಟ್ಟು ಅಳೆದೆ. ಎರಡು ಸೆಂಟಿಮೀಟರ್ ಅಷ್ಟೇ.

ಪೈಪ್‌ರಾಯ · ಸೋಮವಾರ, ರಾತ್ರಿ

ಅದೇ. ಜಿರಳೆ ಜಾಲಿ ಎಂದು ಮಾರುತ್ತಾರಲ್ಲ, ಅದು. ಅಗ್ಗ, ಆಳ ಕಡಿಮೆ. 20 ಮಿಲಿಮೀಟರ್ ಅಂದರೆ ಇಪ್ಪತ್ತು ದಿನ. ನಿಮ್ಮ ಮೂರು ವಾರಕ್ಕೆ ತಾಳೆಯಾಯಿತು. ಆದರೂ ಒಂದು ಪರೀಕ್ಷೆ ಮಾಡಿ: ನೀರು ತುಂಬಿಸಿ ಹತ್ತು ದಿನ ಬಿಡಿ, ದಿನಾ ಒಂದೇ ಹೊತ್ತಿಗೆ ಸ್ಕೇಲ್ ಇಟ್ಟು ಬರೆದಿಡಿ. ದಿನಾ ಸಮನಾಗಿ ಸ್ವಲ್ಪ ಸ್ವಲ್ಪ ಇಳಿದರೆ ಆರುತ್ತಿದೆ. ಒಂದೇ ರಾತ್ರಿಯಲ್ಲಿ ಅರ್ಧ ಹೋದರೆ ಅದು ಆರಿದ್ದಲ್ಲ, ಬೇರೆ ಕಡೆ ಫ್ಲಶ್ ಮಾಡಿದಾಗ ಪೈಪ್ ಎಳೆದುಕೊಂಡಿದೆ. ಒಂದು ಮಟ್ಟಕ್ಕೆ ಬೇಗ ಇಳಿದು ಅಲ್ಲೇ ನಿಂತರೆ ಆ ಮಟ್ಟದಲ್ಲಿ ಬಿರುಕಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಪ್ರೈಮರ್ ಮೊದಲನೆಯದಕ್ಕೆ ಮಾತ್ರ.

ಮಂಡ್ಯ_ಛತ್ರ · ಮಂಗಳವಾರ

ನಮ್ಮ ಕಥೆಯನ್ನೂ ಸೇರಿಸಿಕೊಳ್ಳಿ. ಮಂಡ್ಯದಲ್ಲಿ ಒಂದು ಕಲ್ಯಾಣ ಮಂಟಪ ನೋಡಿಕೊಳ್ಳುತ್ತೇನೆ. ಊಟದ ಹಾಲಿನಲ್ಲಿ ಆರು ಜಾಲಿ, ಅಡುಗೆ ಮನೆಯಲ್ಲಿ ನಾಲ್ಕು. ಮದುವೆ ಇದ್ದ ದಿನ ತೊಳೆದ ನೀರು ಧಾರಾಳವಾಗಿ ಹೋಗುತ್ತದೆ. ಆಷಾಢ ಬಂತು, ಧನುರ್ಮಾಸ ಬಂತು ಅಂದರೆ ಒಂದು ತಿಂಗಳು ಬೀಗ. ಆಷಾಢದಲ್ಲಿ ಮಳೆ, ತೇವ, ಅಷ್ಟೇನೂ ಆಗುವುದಿಲ್ಲ. ಧನುರ್ಮಾಸದ ಒಣ ಗಾಳಿಯಲ್ಲಿ ಖಾಲಿಯಾಗುತ್ತದೆ. ಸಂಕ್ರಾಂತಿ ಕಳೆದು ಮೊದಲ ಪಾರ್ಟಿ ನೋಡಲು ಬಂದಾಗ ಮೂಗು ಮುಚ್ಚಿಕೊಂಡು ಹೋದ ಉದಾಹರಣೆ ಇದೆ.

ಆದರೆ ಊಟದ ಹಾಲಿನಲ್ಲಿ ಒಂದೇ ಒಂದು ಜಾಲಿ ಮಾತ್ರ ಮದುವೆ ಸೀಸನ್ನಿನಲ್ಲೂ ಎರಡು ದಿನಕ್ಕೆ ಒಣಗುತ್ತದೆ. ಉಳಿದವು ಸರಿ ಇರುತ್ತವೆ. ಅದಕ್ಕೆ ಏನು ಹೇಳುತ್ತೀರಿ?

ಪೈಪ್‌ರಾಯ · ಮಂಗಳವಾರ

ಅದರಲ್ಲಿ ಮಾಪ್ ದಾರ ಸಿಕ್ಕಿಕೊಂಡಿದೆಯಾ ನೋಡಿ. ದಾರದ ಒಂದು ತುದಿ ನೀರಿನಲ್ಲಿ, ಇನ್ನೊಂದು ತುದಿ ಹೊರಹೋಗುವ ಪೈಪಿನೊಳಗೆ ಜೋತುಬಿದ್ದರೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರನ್ನು ಎಳೆದು ಆ ಕಡೆ ತೊಟ್ಟಿಕ್ಕಿಸುತ್ತದೆ. ಕೂದಲೂ ಹಾಗೇ. ಎಷ್ಟೇ ನೀರು ಹಾಕಿ, ನಿಲ್ಲುವುದಿಲ್ಲ.

ಮಂಡ್ಯ_ಛತ್ರ · ಬುಧವಾರ

ಗುರುವೇ! ಕೈ ಹಾಕಿ ತೆಗೆಸಿದೆ. ಮಾಪ್ ದಾರ, ಮಲ್ಲಿಗೆ ಹೂವಿನ ದಾರ, ಎರಡೂ ಸೇರಿ ಜಡೆ ಹೆಣೆದುಕೊಂಡಿತ್ತು, ಒಂದು ಗೇಣು ಉದ್ದ. ನೋಡೋಣ ಈಗ.

ಕಣ್ಣಿಗೆ_ಬಿದ್ದಿದ್ದು · ಬುಧವಾರ

ಇಷ್ಟೆಲ್ಲ ತಲೆಬಿಸಿ ಯಾಕೆ? ಒಂದು ಸೌಟು ಎಣ್ಣೆ ಹಾಕಿ ಬಿಡಿ. ನೀರಿನ ಮೇಲೆ ತೇಲುತ್ತದೆ, ನೀರು ಆರುವುದಿಲ್ಲ. ನಮ್ಮಜ್ಜಿ ಊರಿಗೆ ಹೋಗುವಾಗ ಕೊಬ್ಬರಿ ಎಣ್ಣೆ ಹಾಕಿ ಹೋಗುತ್ತಿದ್ದರು.

ಪೈಪ್‌ರಾಯ · ಬುಧವಾರ

ಉಪಾಯ ಸರಿ, ಎಣ್ಣೆ ತಪ್ಪು. ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಟ್ರ್ಯಾಪಿನಲ್ಲಿ ಬಿಡುತ್ತದೆಯಾ? ಅಡುಗೆ ಎಣ್ಣೆ ಯಾವುದಾದರೂ ಕೆಲವು ವಾರದಲ್ಲಿ ಕಮಟು ಹಿಡಿಯುತ್ತದೆ, ಇರುವೆ ಜಿರಳೆಗೆ ಹಬ್ಬ. ಮೆಡಿಕಲ್ ಶಾಪಿನಲ್ಲಿ ಲಿಕ್ವಿಡ್ ಪ್ಯಾರಾಫಿನ್ ಕೇಳಿ, ಅದು ಕೆಡುವುದಿಲ್ಲ. ನೀರು ತುಂಬಿಸಿದ ಮೇಲೆ ಎರಡು ಮೂರು ಚಮಚ ಸಾಕು. ಎರಡು ತಿಂಗಳು ಊರಿಗೆ ಹೋಗುವವರಿಗೆ ಇದಕ್ಕಿಂತ ಸುಲಭದ್ದಿಲ್ಲ. ಆದರೆ ಯಾರಾದರೂ ಒಂದು ಸಲ ಸ್ನಾನ ಮಾಡಿದರೆ ಕೊಚ್ಚಿಕೊಂಡು ಹೋಗುತ್ತದೆ, ಮತ್ತೆ ಹಾಕಬೇಕು.

ಹೆಬ್ಬಾಳ_ಮೇಂಟೆನೆನ್ಸ್ · ಗುರುವಾರ

ನಾನು ಹೆಬ್ಬಾಳ ಕಡೆ ಒಂದು ದೊಡ್ಡ ಕ್ಯಾಂಪಸ್ಸಿನ ಕಟ್ಟಡ ನಿರ್ವಹಣೆಯಲ್ಲಿದ್ದೇನೆ. ನಮ್ಮಲ್ಲಿ ಎಲೆಕ್ಟ್ರಾನಿಕ್ ಪ್ರೈಮರ್ ಇದೆ. ಟೈಮರ್ ಇಪ್ಪತ್ತನಾಲ್ಕು ಗಂಟೆಗೆ ಒಮ್ಮೆ ಕೆಲವು ಸೆಕೆಂಡ್ ಸೊಲೆನಾಯ್ಡ್ ವಾಲ್ವ್ ತೆರೆಯುತ್ತದೆ, ನೀರು ಒಂದು ಸಣ್ಣ ಡಬ್ಬಿಗೆ ಬಿದ್ದು ನಾಲ್ಕು ಪೈಪಾಗಿ ನಾಲ್ಕು ಟ್ರ್ಯಾಪಿಗೆ ಹೋಗುತ್ತದೆ. ಇದಕ್ಕೆ ಒತ್ತಡ ಇಳಿಯಬೇಕು ಅಂತೇನಿಲ್ಲ. ಆದ್ದರಿಂದ ಟ್ಯಾಂಕಿನ ನೀರಿಗೂ ಆಗುತ್ತದೆ, ಕಡಿಮೆ ಒತ್ತಡಕ್ಕೆ ಒಗ್ಗುವ ವಾಲ್ವ್ ಹಾಕಬೇಕು ಅಷ್ಟೇ.

ಆದರೆ ಅದರ ಕಾಟವನ್ನೂ ಹೇಳುತ್ತೇನೆ. ನಮ್ಮದು ಬೋರ್‌ವೆಲ್ ನೀರು, ಗಡಸು. ಎರಡು ವರ್ಷಕ್ಕೆ ವಾಲ್ವಿನೊಳಗೆ ಬಿಳಿ ಉಪ್ಪು ಕಟ್ಟಿತು. ಒಂದು ಮುಚ್ಚಿಕೊಂಡೇ ಉಳಿಯಿತು, ಅದು ವಾಸನೆ ಬಂದಾಗ ಗೊತ್ತಾಯಿತು. ಇನ್ನೊಂದು ತೆರೆದುಕೊಂಡೇ ಉಳಿಯಿತು, ಅದು ಗೊತ್ತೇ ಆಗಲಿಲ್ಲ! ನೆಲದ ಕೆಳಗೆ ಸದ್ದಿಲ್ಲದೆ ನೀರು ಹರಿಯುತ್ತಿತ್ತು. ರಾತ್ರಿ ಎರಡು ಗಂಟೆಗೆ ಯಾರೂ ಇಲ್ಲದಾಗಲೂ ಮೀಟರ್ ತಿರುಗುತ್ತಿರುವುದನ್ನು ಸೆಕ್ಯೂರಿಟಿಯವರು ನೋಡಿ ಹೇಳಿದ ಮೇಲೆ ಹುಡುಕಿದೆವು. ಆಮೇಲೆ ಆ ನಾಲ್ಕು ದಾರಿಯ ಡಬ್ಬಿ ಸ್ವಲ್ಪ ಓರೆಯಾಗಿ ಕೂತಿತ್ತು. ಒಂದೇ ಟ್ರ್ಯಾಪಿಗೆ ಎಲ್ಲ ನೀರು, ಉಳಿದ ಮೂರಕ್ಕೆ ಉಪವಾಸ. ಡಬ್ಬಿಯ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ಸರಿಮಾಡಿದೆವು. ಈಗ ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ, ನಾಲ್ಕೂ ಜಾಲಿ ಹತ್ತಿರ ಒಬ್ಬೊಬ್ಬರನ್ನು ನಿಲ್ಲಿಸಿ ನೀರು ಬಂತಾ ಅಂತ ಕೇಳುತ್ತೇವೆ. ಬೇರೆ ದಾರಿ ನನಗೆ ಗೊತ್ತಿಲ್ಲ.

ಸುಮ್ನೆ_ಓದ್ತೀನಿ · ಗುರುವಾರ

ಬರೀ ವಾಸನೆಗೆ ಇಷ್ಟೊಂದು ಖರ್ಚಾ? ಕಿಟಕಿ ತೆಗೆದಿಡಿ, ಎಕ್ಸಾಸ್ಟ್ ಫ್ಯಾನ್ ಹಾಕಿ.

ಹೆಬ್ಬಾಳ_ಮೇಂಟೆನೆನ್ಸ್ · ಗುರುವಾರ

ಫ್ಯಾನ್ ಹಾಕಿದರೆ ಉಲ್ಟಾ ಆಗುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಫ್ಯಾನ್ ಗಾಳಿಯನ್ನು ಹೊರಗೆ ತಳ್ಳಿದರೆ ಅದಕ್ಕೆ ಬದಲಿ ಗಾಳಿ ಎಲ್ಲಿಂದಾದರೂ ಬರಬೇಕಲ್ಲ, ಒಣಗಿದ ಟ್ರ್ಯಾಪಿನಿಂದಲೇ ಎಳೆಯುತ್ತದೆ. 2003ರಲ್ಲಿ ಹಾಂಗ್‌ಕಾಂಗಿನ ಅಮಾಯ್ ಗಾರ್ಡನ್ಸ್ ಎನ್ನುವ ಅಪಾರ್ಟ್‌ಮೆಂಟಿನಲ್ಲಿ 300ಕ್ಕೂ ಹೆಚ್ಚು ಜನಕ್ಕೆ ಸಾರ್ಸ್ ಬಂತು. ತನಿಖೆಯಲ್ಲಿ ಎತ್ತಿ ತೋರಿಸಿದ ಕಾರಣಗಳಲ್ಲಿ ಇದೂ ಒಂದು. ಅಲ್ಲಿಯವರು ಬಚ್ಚಲನ್ನು ತೊಳೆಯುವ ಬದಲು ಒರೆಸುತ್ತಿದ್ದರು, ನೆಲದ ಟ್ರ್ಯಾಪ್ ಒಣಗಿತ್ತು, ಫ್ಯಾನ್ ಹಾಕಿದಾಗ ಮೋರಿ ಪೈಪಿನ ಗಾಳಿ ಒಳಗೆ ಬಂತು. ನಮ್ಮ ಮನೆಯಲ್ಲಿ ಹಾಗಾಗುತ್ತದೆ ಅಂತ ಹೆದರಿಸುತ್ತಿಲ್ಲ, ಫ್ಯಾನ್ ಮದ್ದಲ್ಲ ಅಂತ ಹೇಳಿದೆ ಅಷ್ಟೇ.

ಶೈಲಾ_ಬೋಗಾದಿ · ಮುಂದಿನ ಗುರುವಾರ

ಹತ್ತು ದಿನದ ಲೆಕ್ಕ ಇಲ್ಲಿದೆ. ಮೊದಲ ದಿನ 20 ಮಿ.ಮೀ. ಐದನೇ ದಿನ 15. ಹತ್ತನೇ ದಿನ 9. ಒಂದು ದಿನ ಮಾತ್ರ, ಪಕ್ಕದ ಬಚ್ಚಲಿನಲ್ಲಿ ಫ್ಲಶ್ ಮಾಡಿದಾಗ ನಾನು ಟಾರ್ಚ್ ಹಿಡಿದುಕೊಂಡಿದ್ದೆ, ನೀರು ಸ್ವಲ್ಪ ಅಲುಗಾಡಿತು. ಬಿಟ್ಟರೆ ದಿನಾ ಹೆಚ್ಚುಕಡಿಮೆ ಒಂದೊಂದೇ.

ಇನ್ನೊಂದು ವಿಷಯ ಪೈಪ್‌ರಾಯರಿಗೆ. ಪ್ರೈಮರ್ ಹೊರಮೈ ಮೇಲೆ ನಾಲ್ಕು ಸಣ್ಣ ಕಿಟಕಿ ಹಾಗೆ ತೂತುಗಳಿದ್ದವು. ಕೂರಿಸಿದ ದಿನ ಅಲ್ಲಿಂದ ಒಂದೆರಡು ಹನಿ ಬಂತು ಅಂತ ಪ್ಲಂಬರ್ ಎಂ-ಸೀಲ್ ಮೆತ್ತಿ ಮುಚ್ಚಿದ್ದ. ಅದರಿಂದ ಏನಾದರೂ?

ಪೈಪ್‌ರಾಯ · ಗುರುವಾರ

ಅಯ್ಯೋ. ಅದನ್ನು ಇವತ್ತೇ ಬಿಚ್ಚಿಸಿ ಮೇಡಂ, ನಾಳೆ ಅನ್ನಬೇಡಿ. ಲೈನಿಗೆ ಡಮ್ಮಿ ಹಾಕಿಸಿ.

ಆ ತೂತುಗಳು ಸೋರುವುದಕ್ಕಲ್ಲ, ಗಾಳಿ ಬರುವುದಕ್ಕೆ. ನೀವು ಜಾಲಿ ಕೆಳಗೆ ಮೋರಿ ನೀರಿನ ತನಕ ಪೈಪ್ ಬಿಟ್ಟಿದ್ದೀರಿ. ನಾಳೆ ಟ್ಯಾಂಕ್ ತೊಳೆಯಲು ನೀರು ಖಾಲಿ ಮಾಡುತ್ತೀರಿ, ಕೆಳಗಿನ ಮಹಡಿಯಲ್ಲಿ ಯಾರೋ ನಲ್ಲಿ ತಿರುಗಿಸುತ್ತಾರೆ. ಪೈಪಿನಲ್ಲಿ ಉಳಿದ ನೀರು ಕೆಳಗೆ ಇಳಿಯುವಾಗ ಮೇಲಿನಿಂದ ಎಳೆತ ಹುಟ್ಟುತ್ತದೆ. ಆ ತೂತು ತೆರೆದಿದ್ದರೆ ಅಲ್ಲಿಂದ ಗಾಳಿ ಹೋಗಿ ಎಳೆತ ಮುರಿಯುತ್ತದೆ. ಮುಚ್ಚಿದ್ದರೆ, ಒಳಗಿನ ಪಿಸ್ಟನ್ ಸರಿಯಾಗಿ ಮುಚ್ಚಿರದಿದ್ದರೆ, ಟ್ರ್ಯಾಪಿನ ಕೊಳಕು ನೀರು ನಿಮ್ಮ ಅಮ್ಮನ ಅಡುಗೆ ಮನೆ ನಲ್ಲಿಗೆ ಬರಬಹುದು. ಪ್ರೈಮರ್ ವಿಷಯದಲ್ಲಿ ನಾನು ಹಠ ಹಿಡಿಯುವುದು ಇದೊಂದಕ್ಕೇ. ಟ್ರ್ಯಾಪ್ ಒಣಗಿದರೆ ವಾಸನೆ ಬರುತ್ತದೆ, ಗೊತ್ತಾಗುತ್ತದೆ. ಇದು ಗೊತ್ತಾಗುವುದೇ ಇಲ್ಲ. ಮೇಷ್ಟ್ರು ಹೇಳಿದ ಡ್ರಿಪ್ ಪೈಪನ್ನೂ ನೀರಿನ ಲೈನಿನಿಂದ ಎಳೆದು ಜಾಲಿಯೊಳಗೆ ತೂರಿಸಿದರೆ ಇದೇ ತೊಂದರೆ. ತುದಿ ಜಾಲಿಗಿಂತ ಮೇಲೆ, ಕಣ್ಣಿಗೆ ಕಾಣುವ ಹಾಗೆ ಗಾಳಿಯಲ್ಲಿ ನಿಲ್ಲಬೇಕು.

ಲೆಕ್ಕದ_ಮೇಷ್ಟ್ರು · ಗುರುವಾರ

ಒಪ್ಪಿದೆ. ಅದು ನನಗೆ ಹೊಳೆದಿರಲಿಲ್ಲ.

ಹಾಗಾದರೆ ಪ್ರೆಶರ್ ಪಂಪ್ ಹಾಕಿಸಿದರೆ? ಪಂಪ್ 1.5 ಬಾರ್ ಕೊಟ್ಟರೆ 20 ಪಿ.ಎಸ್.ಐ. ದಾಟುತ್ತದೆ. ನಲ್ಲಿ ತೆರೆದಾಗ ಒತ್ತಡ ಇಳಿದು ಪಂಪ್ ಶುರುವಾಗುತ್ತದೆ, ಆಗ ಆ ಹಿತ್ತಾಳೆ ವಾಲ್ವೂ ಕೆಲಸ ಮಾಡಬೇಕಲ್ಲ?

ಪೈಪ್‌ರಾಯ · ಗುರುವಾರ

ಮಾಡಬಹುದು. ತೂತು ಬಿಚ್ಚಿ, ನೇರವಾಗಿ ನಿಲ್ಲಿಸಿ, ದಿನಾ ಬಳಸುವ ನಲ್ಲಿಯ ಲೈನಿಗೆ ಹಾಕಿದರೆ. ಆದರೆ ತಿಂಗಳಿಗೆ ಎರಡು ಲೋಟ ನೀರಿಗೆ ಪಂಪ್ ತರುವುದು ಎಮ್ಮೆಗೆ ಸೊಳ್ಳೆಪರದೆ ಕಟ್ಟಿದ ಹಾಗೆ.

ಹೆಬ್ಬಾಳ_ಮೇಂಟೆನೆನ್ಸ್ · ಗುರುವಾರ

ಮಂಡ್ಯದ ಕಡೆ ಕಟ್ಟುತ್ತಾರೆ ಸಾರ್ 😄 ಪಂಪ್ ಹೇಗೂ ಇರುವ ಮನೆಯವರಿಗೆ ಅದು ಕೆಟ್ಟ ಉಪಾಯವೇನಲ್ಲ, ಈ ವಿಷಯದಲ್ಲಿ ನಾನು ಮೇಷ್ಟ್ರ ಕಡೆ.

ಮಂಡ್ಯ_ಛತ್ರ · ಶುಕ್ರವಾರ

ಎಮ್ಮೆಯ ವಿಷಯಕ್ಕೆ ಬರಬೇಡಿ. ಸಿಲಿಕಾನ್ ಕೊಳವೆ ಬರುತ್ತದಲ್ಲ, ಜಾಲಿ ಕೆಳಗೆ ಇಳಿಬಿಡುವುದು, ನೀರು ಹೋದಾಗ ಬಾಯಿ ಬಿಡುತ್ತದೆ, ಆಮೇಲೆ ತುಟಿ ಕೂಡಿಸಿಕೊಳ್ಳುತ್ತದೆ. ಅದನ್ನು ಎಲ್ಲ ಜಾಲಿಗೂ ಹಾಕಿದ್ದೆ. ಎರಡು ಮದುವೆ ಆದಮೇಲೆ ತೆಗೆದು ನೋಡಿದರೆ ತುಟಿ ನಡುವೆ ಅನ್ನದ ಅಗುಳು, ಕರಿಬೇವಿನ ಸೊಪ್ಪಿನ ಕಡ್ಡಿ. ಬಾಯಿ ತೆರೆದುಕೊಂಡೇ ಇತ್ತು. ದುಡ್ಡು ದಂಡ.

ಪೈಪ್‌ರಾಯ · ಶುಕ್ರವಾರ

ಊಟದ ಹಾಲಿಗೆ ಅದು ಸರಿಯಲ್ಲ. ಅನ್ನ ಹೋಗದ, ಬರೀ ನೀರು ಹೋಗುವ ಗೆಸ್ಟ್ ಬಚ್ಚಲಿಗೆ ಚೆನ್ನಾಗಿರುತ್ತದೆ. ಅದು ನೀರು ಆರುವುದನ್ನು ನಿಧಾನ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಕೆಳಗೆ ಟ್ರ್ಯಾಪಿನ ನೀರು ಇರಲೇಬೇಕು. ಶೈಲಾ ಮೇಡಂ, ನಿಮ್ಮ ಜಾಲಿಯಲ್ಲಿ ಬಟ್ಟಲು ತೆಗೆದು ಅದರ ಜಾಗಕ್ಕೆ ಇದನ್ನು ಹಾಕಬೇಡಿ, ಬಟ್ಟಲೇ ನಿಮ್ಮ ಟ್ರ್ಯಾಪ್.

ನಿಮಗೆ ನನ್ನ ಸಲಹೆ ಬೇರೆ. ಪಕ್ಕದ ಬಚ್ಚಲಿನ ವಾಶ್ ಬೇಸಿನ್ ದಿನಾ ಬಳಸುತ್ತೀರಲ್ಲ, ಅದರ ವೇಸ್ಟ್ ಪೈಪನ್ನು ಗೋಡೆ ಕೊರೆದು ಈ ಕಡೆ ತಂದು ಈ ಜಾಲಿ ಮೇಲೆ ಬೀಳುವ ಹಾಗೆ ಮಾಡಿ. ಹೇಗೂ ಹೋಗುವ ನೀರು, ಹೋಗುತ್ತಾ ಈ ಟ್ರ್ಯಾಪನ್ನು ತುಂಬಿಸಿ ಹೋಗಲಿ. ನಮ್ಮ ಕಡೆ ಎಷ್ಟೋ ಬಚ್ಚಲಿನಲ್ಲಿ ಬೇಸಿನ್ ಪೈಪ್ ನೆಲದ ಟ್ರ್ಯಾಪಿಗೇ ಬಿಡುತ್ತಾರೆ, ಅದರ ಲಾಭ ಇದೇ. ಒತ್ತಡ ಬೇಡ, ಕುಡಿಯುವ ನೀರಿನ ಸಂಬಂಧವೇ ಇಲ್ಲ.

ಶೈಲಾ_ಬೋಗಾದಿ · ಶನಿವಾರ

ಪ್ರೈಮರ್ ಬಿಚ್ಚಿಸಿ ಡಮ್ಮಿ ಹಾಕಿಸಿದೆ ಸಾರ್. ಎಂ-ಸೀಲ್ ಕಿತ್ತರೆ ಆ ನಾಲ್ಕು ತೂತಿನಲ್ಲಿ ಮೂರು ಪೂರ್ತಿ ಮುಚ್ಚಿದ್ದವು.

ಬೇಸಿನ್ ವಿಷಯ ಅಮ್ಮನಿಗೆ ಹೇಳಿದೆ. ನಾವು ಬಾಯಿ ಮುಕ್ಕಳಿಸಿದ ಎಂಜಲು ನೀರು, ಪೇಸ್ಟ್ ನೊರೆ ನೆಂಟರ ಬಚ್ಚಲಿನಲ್ಲಿ ಹರಿಯಬೇಕಾ, ಬೀಗರು ಸ್ನಾನ ಮಾಡುವಾಗ ಕಾಲ ಹತ್ತಿರ ನೊರೆ ಬಂದರೆ ಏನಂದುಕೊಳ್ಳುತ್ತಾರೆ ಅಂತ ಕೇಳಿದರು. ಅದು ಅಲ್ಲಿಗೆ ಮುಗಿಯಿತು. 😅

ಪೈಪ್‌ರಾಯ · ಶನಿವಾರ

ಅಮ್ಮ ಹೇಳಿದ್ದು ಸರಿ. ನಾನು ಗಲ್ಫ್ ಲೆಕ್ಕದಲ್ಲಿ ಯೋಚಿಸಿದೆ.

ಹೆಬ್ಬಾಳ_ಮೇಂಟೆನೆನ್ಸ್ · ಶನಿವಾರ

ಆ ಬಚ್ಚಲಿನ ಹತ್ತಿರ ದಿನಾ ಸ್ವಲ್ಪ ಶುದ್ಧ ನೀರು ಬಿಡುವಂಥದ್ದು ಬೇರೆ ಏನಿದೆ ಮೇಡಂ? ನಮ್ಮ ಎ.ಸಿ. ರೂಮುಗಳಲ್ಲಿ ಎ.ಸಿ. ನೀರನ್ನೇ ಜಾಲಿಗೆ ಬಿಟ್ಟಿದ್ದೇವೆ, ಆದರೆ ಚಳಿಗಾಲದಲ್ಲಿ ಆ ನೀರು ನಿಂತುಹೋಗುತ್ತದೆ, ಆಗಲೇ ಬೇಕಾಗಿರುವುದು.

ಶೈಲಾ_ಬೋಗಾದಿ · ಶನಿವಾರ

ಗೆಸ್ಟ್ ಬಚ್ಚಲಿನ ಗೋಡೆಯ ಆ ಕಡೆ ನಮ್ಮ ಯುಟಿಲಿಟಿ. ಅಲ್ಲಿ ಆರ್‌ಒ ಫಿಲ್ಟರ್ ಇದೆ. ಅದರ ವೇಸ್ಟ್ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಬಳಸುತ್ತೇವೆ. ದಿನಾ ಒಂದೂವರೆ ಬಕೆಟ್ ಬರುತ್ತದೆ.

ಪೈಪ್‌ರಾಯ · ಶನಿವಾರ

ಮುಗಿಯಿತು! ಅದೇ ನಿಮ್ಮ ಪ್ರೈಮರ್.

ಆರ್‌ಒ ವೇಸ್ಟ್ ಬರುವುದು ಕಾಲಿಂಚಿನ ಬಿಳಿ ಟ್ಯೂಬಿನಲ್ಲಿ. ಫಿಲ್ಟರಿನಿಂದ ಹೊರಬಂದ ಮೇಲೆ, ಬಕೆಟ್ಟಿಗೆ ಹೋಗುವ ಮೊದಲು ಅದಕ್ಕೆ ಒಂದು ಟಿ ಹಾಕಿಸಿ. ಒಂದು ಕವಲು ಬಕೆಟ್ಟಿಗೆ, ಅದಕ್ಕೆ ಯಾವ ವಾಲ್ವೂ ಬೇಡ, ಯಾವಾಗಲೂ ತೆರೆದೇ ಇರಲಿ. ಎರಡೂ ಕಡೆ ಮುಚ್ಚಿದರೆ ಫಿಲ್ಟರ್ ಹಾಳಾಗುತ್ತದೆ. ಇನ್ನೊಂದು ಕವಲಿಗೆ ಸಣ್ಣ ವಾಲ್ವ್ ಹಾಕಿ, ಗೋಡೆಯಲ್ಲಿ ಡ್ರಿಲ್‌ನಿಂದ ಒಂದು ತೂತು ಕೊರೆದು ಬಚ್ಚಲಿಗೆ ತನ್ನಿ. ಟ್ಯೂಬಿನ ತುದಿ ಜಾಲಿಗಿಂತ ಎರಡು ಮೂರು ಇಂಚು ಮೇಲೆ ನಿಲ್ಲಲಿ, ಒಳಗೆ ತೂರಿಸಬೇಡಿ. ವಾಲ್ವನ್ನು ಬಿಗಿ ಮಾಡಿ, ಫಿಲ್ಟರ್ ಓಡುವಾಗ ತೊಟ್ಟು ತೊಟ್ಟಾಗಿ ಬೀಳುವಷ್ಟು ಬಿಡಿ. ನಿಮಗೆ ಬೇಕಿರುವುದು ದಿನಕ್ಕೆ ಎರಡು ಮೂರು ಚಮಚ, ಬಂದದ್ದು ಜಾಸ್ತಿಯಾದರೂ ನಷ್ಟ ಇಲ್ಲ.

ಒಂದು ಮಿತಿ ಇದೆ. ಆರ್‌ಒ ವೇಸ್ಟಿನಲ್ಲಿ ಉಪ್ಪು ಜಾಸ್ತಿ. ಟ್ಯೂಬಿನ ತುದಿಯಲ್ಲಿ, ಬಟ್ಟಲಿನ ಅಂಚಿನಲ್ಲಿ ಬಿಳಿ ಕಟ್ಟುತ್ತದೆ. ಆರು ತಿಂಗಳಿಗೊಮ್ಮೆ ತುದಿ ಕತ್ತರಿಸಿ, ಬಟ್ಟಲನ್ನು ನಿಂಬೆಹುಳಿ ಪುಡಿ ಕದಡಿದ ನೀರಿನಲ್ಲಿ ನೆನೆಸಿ ತೊಳೆಯಿರಿ. ನೀವು ಎಲ್ಲರೂ ಊರಿಗೆ ಹೋದರೆ ಆರ್‌ಒ ಓಡುವುದಿಲ್ಲ, ಆಗ ಪ್ಯಾರಾಫಿನ್ ಹಾಕಿ ಹೋಗಿ.

ಕಣ್ಣಿಗೆ_ಬಿದ್ದಿದ್ದು · ಶನಿವಾರ

ಎಣ್ಣೆ ಅಂತ ನಾನು ಹೇಳಿದಾಗ ನಗಾಡಿದಿರಿ.

ಪೈಪ್‌ರಾಯ · ಶನಿವಾರ

ನಗಾಡಿದ್ದು ಕೊಬ್ಬರಿಗೆ.

ಶೈಲಾ_ಬೋಗಾದಿ · ಒಂದು ತಿಂಗಳ ನಂತರ

ತಡವಾಗಿ ಬರೆಯುತ್ತಿದ್ದೇನೆ. ಆರ್‌ಒ ಸರ್ವಿಸ್ ಹುಡುಗ ಬಂದು ಟಿ, ಸಣ್ಣ ವಾಲ್ವ್ ಹಾಕಿ, ಗೋಡೆಗೆ ಒಂದು ತೂತು ಕೊರೆದು ಕೊಟ್ಟ. ಎಲ್ಲ ಸೇರಿ 650 ರೂಪಾಯಿ. ಟ್ಯೂಬನ್ನು ಟೈಲ್ಸ್ ಸಂದಿಗೆ ಕ್ಲಿಪ್ ಹೊಡೆದಿದ್ದೇವೆ, ಕಣ್ಣಿಗೆ ಅಷ್ಟೇನೂ ಕಾಣುವುದಿಲ್ಲ. ಇಪ್ಪತ್ತನಾಲ್ಕು ದಿನ ಬಾಗಿಲು ಮುಚ್ಚಿಟ್ಟಿದ್ದೆ. ಇವತ್ತು ತೆರೆದೆ, ವಾಸನೆ ಇಲ್ಲ. ಸ್ಕೇಲ್ ಇಟ್ಟರೆ 20 ಮಿ.ಮೀ. ತುಂಬಿದೆ. ಬಚ್ಚಲಿನಲ್ಲಿ ಟಪ್ ಟಪ್ ಸದ್ದು ಬರುತ್ತದೆ ಅಂತ ಮಗ ರಾತ್ರಿ ದೂರು ಹೇಳುತ್ತಾನೆ, ತುದಿಗೆ ಒಂದು ದಾರ ಕಟ್ಟಿ ಜಾಲಿಗೆ ತಾಗಿಸೋಣ ಅಂತ ಇದ್ದೆ.

ಪೈಪ್‌ರಾಯ · ಅದೇ ದಿನ

ದಾರ ಜಾಲಿಯ ಮೇಲ್ಭಾಗಕ್ಕೆ ಮಾತ್ರ ತಾಗಲಿ, ಒಳಗೆ ಇಳಿಯಬಾರದು. ಇಳಿದರೆ ಛತ್ರದವರ ಮಲ್ಲಿಗೆ ದಾರದ ಕಥೆಯೇ.

ನನಗೆ ಇನ್ನೂ ಕೊರೆಯುತ್ತಿರುವುದು ನೀವು ಆಗ ಬರೆದ ಒಂದು ಮಾತು. ಪಕ್ಕದ ಬಚ್ಚಲಿನಲ್ಲಿ ಫ್ಲಶ್ ಮಾಡಿದಾಗ ಈ ನೀರು ಅಲುಗಾಡಿತು ಅಂದಿರಿ. 20 ಮಿ.ಮೀ. ಆಳದ ಟ್ರ್ಯಾಪಿಗೆ ಅದು ಒಳ್ಳೆಯದಲ್ಲ. ಟೆರೇಸಿನಲ್ಲಿ ಮೋರಿ ಪೈಪಿಗೆ ಗಾಳಿ ಕೊಡುವ ವೆಂಟ್ ಪೈಪಿನ ತುದಿ ತೆರೆದಿದೆಯಾ ನೋಡಿ. ಕಟ್ಟುವಾಗ ಎಷ್ಟೋ ಜನ ಅದಕ್ಕೆ ಮುಚ್ಚಳ ಹಾಕಿ ಮರೆತುಬಿಡುತ್ತಾರೆ.

ಮಂಡ್ಯ_ಛತ್ರ · ಅದೇ ದಿನ

ನಮ್ಮ ಆ ಒಂದು ಜಾಲಿ ದಾರ ತೆಗೆದ ಮೇಲೆ ಸರಿಹೋಯಿತು. ಆದರೆ ಹತ್ತಕ್ಕೂ ಧನುರ್ಮಾಸಕ್ಕೆ ಏನು ಮಾಡಲಿ ಅನ್ನುವುದು ಹಾಗೇ ಇದೆ. ಸದ್ಯ ವಾಚ್‌ಮನ್‌ಗೆ ಭಾನುವಾರಕ್ಕೊಂದು ಚೊಂಬು ಅಂತ ಹೇಳಿದ್ದೇನೆ. ಹಾಕುತ್ತಾನೋ ಇಲ್ಲವೋ ಸಂಕ್ರಾಂತಿಗೆ ಗೊತ್ತಾಗುತ್ತದೆ.

ಶೈಲಾ_ಬೋಗಾದಿ · ಅದೇ ದಿನ, ಸಂಜೆ

ಟೆರೇಸಿಗೆ ಹೋಗಿ ಬಂದೆ ಸಾರ್. ಪೈಪ್ ಎರಡಿವೆ. ಒಂದಕ್ಕೆ ಜಾಲರಿ ಟೋಪಿ ಇದೆ. ಇನ್ನೊಂದರ ಮೇಲೆ ಇಟ್ಟಿಗೆ ಇಟ್ಟಿದ್ದಾರೆ, ಅಳಿಲು ಬೀಳುತ್ತದೆ ಅಂತ ಅಪ್ಪ ಇಟ್ಟಿದ್ದಂತೆ. ತೆಗೆದಿಡಲಾ?